ಅಧ್ಯಕ್ಷರ ಬೇಳೆ

ಮಾನ್ಯ ವಾಚಕರೇ, ಮುಂದೆ ನಿರೂಪಿಸಲಿರುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಕಳ್ಳಸಾಗಣೆಯಿಲ್ಲ, ಪರದೆಯ ಮರೆಯಲ್ಲಿ ನಿಂತು ನಿಟ್ಟುಸಿರು ಬಿಡುವ ಸುಂದರಿಯೂ ಇಲ್ಲ. ಇರುವುದು ಒಂದು ಚೀಲ ತೊಗರಿಬೇಳೆ. ಆದರೂ ಅದರ ಸಲುವಾಗಿ ಒಂದು ತನಿಖಾ ಸಮಿತಿ ಕೂಡಿತು, ಹನ್ನೊಂದು ಪುಟಗಳ ನಡವಳಿ ಬರೆಯಲ್ಪಟ್ಟಿತು, ಒಬ್ಬ ಬಾಣಸಿಗನ ಸಂಸಾರ ಎರಡು ದಿನ ತಕ್ಕಡಿಯಲ್ಲಿ ತೂಗಾಡಿತು ಎಂಬುದನ್ನು ತಾವು ನಂಬಬೇಕೆಂದು ವಿನಂತಿ. ನಂಬಿಕೆ ಬಾರದಿದ್ದರೆ ಒಂದು ಹಿಡಿ ಹಳೆಯ ಬೇಳೆಯನ್ನು ಹುಣಿಸೆರಸದಲ್ಲಿ ಬೇಯಿಸಿ ನೋಡುವ ಸ್ವಾತಂತ್ರ್ಯ ತಮಗಿದ್ದೇ ಇದೆ.

ಮಸ್ಕತ್ತಿನ ವಾದಿ ಕಬೀರ್‌ನಲ್ಲಿ, ಸೈಲೆನ್ಸರಿಗೆ ಬೆಸುಗೆ ಹಾಕುವ ಅಂಗಡಿಗೂ ಟಯರ್ ಅಂಗಡಿಗೂ ನಡುವೆ ಇಸುಬು ಕಾಕನ ಮೆಸ್ಸು. ಕೊಗ್ಗ ಅಲ್ಲಿ ಒಂಬತ್ತು ವರ್ಷಗಳಿಂದ ಅಡುಗೆಯವನು. ಅದಕ್ಕೆ ಮೊದಲು ಸೊಹಾರ್, ಅದಕ್ಕೂ ಮೊದಲು ಸಲಾಲಾ. ಎಲ್ಲಿಗೆ ಹೋದರೂ ಅವನ ಸಂಗಡ ಹೋಗುತ್ತಿದ್ದುದು ಊರಿನಿಂದ ತಂದ ಐದು ಲೀಟರಿನ ಒಂದು ಕುಕ್ಕರು. ಅದರ ಹಿಡಿ ಎರಡು ಸಲ ಬದಲಾಗಿತ್ತು, ತಳ ಒಂದು ಕಡೆ ಉಬ್ಬಿತ್ತು, ಆದರೆ ಅದರೊಳಗೆ ಬೇಳೆ ಬೇಯದ ದಿನವೆಂಬುದು ಇರಲಿಲ್ಲ. ಬೇಳೆಯ ವಿಷಯದಲ್ಲಿ ತನ್ನನ್ನು ಯಾರೂ ಪ್ರಶ್ನಿಸಲಾರರೆಂಬ ಒಂದು ಮೌನವಾದ ಜಂಬ ಕೊಗ್ಗನಿಗಿತ್ತು. ಉಳಿದ ವಿಷಯಗಳಲ್ಲಿ ಅವನು ಯಾರು ಏನು ಹೇಳಿದರೂ ತಲೆಯಾಡಿಸುವವನು.

ಬುಧವಾರ ಬೆಳಿಗ್ಗೆ ಇಸುಬು ಕಾಕ ಅವನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದು ಕೂರಿಸಿದ.

"ಕೊಗ್ಗಣ್ಣ, ಸರಿಯಾಗಿ ಕೇಳು. ಅಲ್ ಖುವೈರ್‌ನ ಹೊಸ ಹೋಟೆಲು ಮುಂದಿನ ತಿಂಗಳು ತೆರೆಯುತ್ತದೆ. ಅಲ್ಲಿ ಊಟಕ್ಕೆ ಬರುವವರು ಯಾರು? ಎಲ್ಲ ಆಫೀಸಿನ ಕನ್ನಡದವರು. ಅವರ ಬಳಗದ ಅಧ್ಯಕ್ಷರು ಕೆಂಪಣ್ಣ. ಈ ಶುಕ್ರವಾರ ಅವರ ಸಹಭೋಜನದ ಅಡುಗೆ ನಿನ್ನದು. ಊಟ ಮುಗಿದ ಮೇಲೆ ಅವರ ಕೈಯಿಂದ ಒಂದು ಒಳ್ಳೆಯ ಕಾಗದ ಬರೆಸಿಕೊಂಡು ಬಾ. ಅಲ್ ಖುವೈರ್‌ನ ಅಡುಗೆಮನೆ ನಿನಗೆ."

"ಕಾಗದ ಸಿಗದಿದ್ದರೆ?"

"ಸಿಗದಿದ್ದರೆ ಅಲ್ಲಿಗೆ ಬೇರೆಯವನು. ನೀನು ದುಕ್ಮ್‌ನ ಕ್ಯಾಂಪಿಗೆ. ಅಲ್ಲಿಯೂ ಒಬ್ಬ ಬೇಕಲ್ಲ ಮಾರಾಯ. ಈ ಮೆಸ್ಸು ಹೇಗೂ ಖಲಾಸ್, ಶನಿವಾರವೇ ಬೀಗ."

ಕೊಗ್ಗ ತಲೆಯಾಡಿಸಿದನು. ಅಲ್ ಖುವೈರ್ ಎಂದರೆ ಅರ್ಧ ಗಂಟೆಯ ಬಸ್ಸಿನ ದಾರಿ. ದುಕ್ಮ್ ಎಂದರೆ ಇಡೀ ಹಗಲಿನ ದಾರಿ. ಅವನ ಹೆಂಡತಿ ಕುಸುಮ ಎರಡು ಬೀದಿಯಾಚೆಯ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹದಿನಾಲ್ಕು ವರ್ಷ ಊರಿನಲ್ಲಿ ಒಬ್ಬಳೇ ಇದ್ದು, ಇಲ್ಲಿಗೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅವರಿಬ್ಬರು ಇದ್ದ ಒಂದೇ ಕೋಣೆಯ ಕಿಟಕಿಗೆ ಅವಳು ಆಗಷ್ಟೇ ಪರದೆ ಹೊಲಿದು ಹಾಕಿದ್ದಳು.

ಇನ್ನು ಆ ಬೇಳೆಯ ಪೂರ್ವಚರಿತ್ರೆ. ಎರಡು ವರ್ಷಗಳ ಹಿಂದೆ ಕೆಂಪಣ್ಣನವರು ಬಳಗದ ಅಧ್ಯಕ್ಷರಾಗಿ ಆರಿಸಿ ಬಂದ ದಿನವೇ ಸಹಭೋಜನವನ್ನು ಘೋಷಿಸಿ, ಮೂವತ್ತು ಕಿಲೋದ ಒಂದು ಚೀಲ ತೊಗರಿಬೇಳೆಯನ್ನು ತರಿಸಿ, ಅದರ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡಿದ್ದರು. ಆಮೇಲೆ ಆಮಂತ್ರಣ ಪತ್ರಿಕೆಯಲ್ಲಿ ಆ ಪದಾರ್ಥದ ಹೆಸರನ್ನು ಏನೆಂದು ಅಚ್ಚು ಹಾಕಿಸಬೇಕೆಂಬ ಪ್ರಶ್ನೆ ಎದ್ದಿತು. ಮೈಸೂರಿನ ಕಡೆಯವರು 'ಹುಳಿ' ಎಂದರು. ಕರಾವಳಿಯವರು 'ಸಾಂಬಾರು' ಎಂದರು. ಎರಡು ಉಪಸಮಿತಿಗಳು, ಒಂದು ಸಂಧಾನ ಸಮಿತಿ, ಇಬ್ಬರ ರಾಜೀನಾಮೆ ಇಷ್ಟೆಲ್ಲ ಮುಗಿದು, ಒಂದು ಮತದ ಅಂತರದಲ್ಲಿ 'ಹುಳಿ' ಗೆಲ್ಲುವ ಹೊತ್ತಿಗೆ ಎರಡು ವರ್ಷ ಕಳೆದುಹೋಯಿತು. ಅಷ್ಟು ದಿನವೂ ಆ ಚೀಲ ಒಂದು ಗ್ಯಾರೇಜಿನ ಹಿತ್ತಲಿನ ತಗಡಿನ ಪೋರ್ಟಾಕ್ಯಾಬಿನ್ನಿನಲ್ಲಿ, ಎರಡು ಬೇಸಿಗೆಗಳ ಕುಲುಮೆಯ ಶಾಖವನ್ನೂ ಸಮುದ್ರದ ಕಡೆಯ ಬೆವರುಗಾಳಿಯನ್ನೂ ಸಹಿಸಿಕೊಂಡು ಕುಳಿತಿತ್ತು. ಅದಕ್ಕೆ 'ಅಧ್ಯಕ್ಷರ ಬೇಳೆ' ಎಂದೇ ಹೆಸರು ಬಿದ್ದಿತ್ತು. ಈಗ ಶುಕ್ರವಾರ ಊಟ. ಶನಿವಾರ ಮತ್ತೆ ಅಧ್ಯಕ್ಷರ ಚುನಾವಣೆ.

ಅಂದೇ ಮೆಸ್ಸಿಗೆ, ಆ ಚೀಲದ ಮೂಲೆಯಿಂದ ತೆಗೆದ ಸ್ವಲ್ಪ ಬೇಳೆಯೊಂದಿಗೆ, ಅಧ್ಯಕ್ಷರ ಪತ್ನಿ ಕಾಂತಾಮಣಿಯವರು ಬರೆದ ಒಂದು ಚೀಟಿಯೂ ಬಂದಿತು. ಬಳಗದ ದುಂಡು ಮೊಹರು ಬಿದ್ದ ಆ ಚೀಟಿಯಲ್ಲಿ ಹೀಗಿತ್ತು: 'ಹುಳಿಗೆ ಬೇಳೆ ಹಾಕಿ ಕುಕ್ಕರಿನಲ್ಲಿ ಐದು ಕೂಗು ಕೂಗಿಸುವುದು. ತರಕಾರಿ, ಪುಡಿ ಆಮೇಲೆ. ಮಾದರಿ ತಯಾರಿಸಿ ತಿಳಿಸುವುದು.'

ಮೈಸೂರಿನಲ್ಲಿ ಹುಟ್ಟಿದ ಯಾರಿಗಾದರೂ ಇದರ ಅರ್ಥ ಸ್ಪಷ್ಟ: ಹುಳಿ ಎಂಬ ಪದಾರ್ಥ ಮಾಡುವುದಕ್ಕಾಗಿ ಬೇಳೆಯನ್ನು ಬೇಯಲು ಇಡುವುದು. ಆದರೆ ಕೊಗ್ಗನ ಊರಿನಲ್ಲಿ ಹುಳಿ ಎಂದರೆ ಹುಣಿಸೆಹುಳಿ. ಬಳಗದ ಎರಡು ವರ್ಷಗಳ ಮಹಾಯುದ್ಧದ ಸದ್ದು ಬಳಗದ ಮುಖಂಡರಿದ್ದ ಅಲ್ ಅಜೈಬಾದ ವಿಲ್ಲಾಗಳನ್ನು ದಾಟಿ ಈ ಮೆಸ್ಸಿನ ಅಡುಗೆಮನೆಯ ತನಕ ಬಂದಿರಲಿಲ್ಲ. ಅವನು ಚೀಟಿಯನ್ನು ಮೂರು ಬಾರಿ ಓದಿದನು. ಹುಣಿಸೆರಸದಲ್ಲಿ ಬೇಳೆ ಬೇಯಿಸುವವರನ್ನು ಅವನು ಜನ್ಮದಲ್ಲಿ ಕಂಡವನಲ್ಲ. ಘಟ್ಟದ ಮೇಲಿನವರ ಕ್ರಮ ಹೀಗಿದ್ದರೂ ಇರಬಹುದು ಎಂದುಕೊಂಡನು. ಸಾದಾ ಚೀಟಿಯಾಗಿದ್ದರೆ ಫೋನು ಮಾಡಿ ಕೇಳುತ್ತಿದ್ದನೋ ಏನೋ. ಮೊಹರು ಕಂಡ ಮೇಲೆ ಕೇಳುವ ಧೈರ್ಯ ಬರಲಿಲ್ಲ. ಕಿತ್ತಳೆ ಗಾತ್ರದ ಹುಣಿಸೆಯನ್ನು ಕಿವುಚಿ, ರಸಕ್ಕೆ ಬೇಳೆ ಸುರಿದು, ಮುಚ್ಚಳ ತಿರುಗಿಸಿದನು.

ಐದು ಕೂಗು ಆಯಿತು. ಮುಚ್ಚಳ ತೆಗೆದರೆ ಬೇಳೆ ಹಾಕಿದ ಹಾಗೆಯೇ ಇತ್ತು. ಮತ್ತೆ ಐದು ಕೂಗಿಸಿದನು. ಬೇಳೆ ಸ್ವಲ್ಪ ಊದಿತ್ತು, ಅಷ್ಟೇ. ಬೆರಳ ನಡುವೆ ಒತ್ತಿದರೆ ಜಾರಿ ಹೋಗಿ ಟಯರ್ ಅಂಗಡಿಯ ಗೋಡೆಗೆ ಬಡಿಯಿತು. ಇಪ್ಪತ್ತು ಕೂಗಿನ ಬಳಿಕ ಕೊಗ್ಗ ಒಲೆ ಆರಿಸಿ, ಚೀಟಿಯಲ್ಲಿ ಹೇಳಿದಂತೆ ತಿಳಿಸುವುದಕ್ಕಾಗಿ ಕೆಂಪಣ್ಣನವರಿಗೆ ಫೋನು ಮಾಡಿದನು.

ಕೆಂಪಣ್ಣನವರು ಆಗ ಅಲ್ ಖುವೈರ್‌ನ ತಮ್ಮ ಕಚೇರಿಯಲ್ಲಿ ಮತದಾರರ ಪಟ್ಟಿಯ ಮೇಲೆ ಬಣ್ಣದ ಗುರುತುಗಳನ್ನು ಹಾಕುತ್ತಿದ್ದರು.

"ಸರ್, ವಾದಿ ಕಬೀರಿಂದ ಮಾತಾಡುವುದು. ನಿಮ್ಮ ಬೇಳೆ ಇಲ್ಲಿ ಬೇಯುವುದಿಲ್ಲ ಸರ್."

ಕೆಂಪಣ್ಣನವರು ಬಣ್ಣದ ಲೇಖನಿಯನ್ನು ಕೆಳಗಿಟ್ಟರು.

"ಏನಂದ್ರಿ?"

"ನಿಮ್ಮ ಬೇಳೆ ಸರ್. ಬೇಯುವ ಲಕ್ಷಣ ಇಲ್ಲ."

"ಯಾರು ಹೇಳಿಕೊಟ್ಟಿದ್ದು ಈ ಮಾತನ್ನ?"

"ಯಾರೂ ಇಲ್ಲ ಸರ್. ನಾನೇ ಒತ್ತಿ ನೋಡಿದೆ."

"ಯಾರ ಮೇಲೆ ಒತ್ತಡ ಹಾಕಿದ್ರಿ?"

"ಒಳಗೆ ಒತ್ತಡ ಸರಿಯಾಗಿಯೇ ಉಂಟು ಸರ್. ಇಪ್ಪತ್ತು ಕೂಗು ಆಯಿತು."

"ಕೂಗು ಬೇರೆ ಹಾಕಿದ್ರಾ? ಎಷ್ಟು ಜನ ಇದ್ದೀರಿ ಅಲ್ಲಿ?"

"ನಾನೊಬ್ಬನೇ ಸರ್. ಮತ್ತೆ ಕುಕ್ಕರ್."

ಕೆಂಪಣ್ಣನವರು ಫೋನಿಟ್ಟರು. ವಾದಿ ಕಬೀರ್‌ನಲ್ಲಿ ಕರಾವಳಿಯವರ ನಲವತ್ತೊಂದು ಮತಗಳಿದ್ದವು. ಕುಕ್ಕರ್ ಎಂಬುದು ಯಾವ ಗುಂಪಿನ ಅಡ್ಡಹೆಸರೆಂದು ಅವರು ಆ ಮಧ್ಯಾಹ್ನ ನಾಲ್ವರನ್ನು ವಿಚಾರಿಸಿದರಂತೆ. ಸಂಜೆ ಕಾಂತಾಮಣಿಯವರು ವಿಷಯವನ್ನು ಬಿಡಿಸಿ ಹೇಳಿದ ಮೇಲೂ ಅವರ ಸಂದೇಹ ಪೂರ್ತಿಯಾಗಿ ಅಳಿಯಲಿಲ್ಲ. ಚುನಾವಣೆಗೆ ಮೂರು ದಿನ ಮೊದಲು ಅಧ್ಯಕ್ಷರ ಬೇಳೆ ಬೇಯಲಿಲ್ಲವೆಂಬ ಸುದ್ದಿ ಹೊರಗೆ ಹೋದರೆ, ಅದು ನಿಜವಾದ ಬೇಳೆಯೇ ಎಂದು ಎಷ್ಟು ಜನರಿಗೆ ವಿವರಿಸುತ್ತಾ ಕೂರಲು ಸಾಧ್ಯ? ತನಿಖೆ ಆಗಲೇಬೇಕಿತ್ತು.

ಗುರುವಾರ ಸಂಜೆ ಐದಕ್ಕೆ ತನಿಖಾ ಸಮಿತಿ ಮೆಸ್ಸಿಗೆ ಬಂದಿಳಿಯಿತು. ಮುಂದೆ ಕೆಂಪಣ್ಣನವರು, ಅವರ ಹಿಂದೆ ಕಾಂತಾಮಣಿ, ಕೊನೆಯಲ್ಲಿ ಕಾರ್ಯದರ್ಶಿ ಲಕ್ಷಿತ್. ಲಕ್ಷಿತ್ ತೈಲ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ತಲೆಯ ಮೇಲೆ ಹಳದಿ ಹೆಲ್ಮೆಟ್ಟು ಧರಿಸಿಯೇ ಅಡುಗೆಮನೆಯೊಳಗೆ ಕಾಲಿಟ್ಟನು. ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿ, ಮೀನಿನ ಮುಳ್ಳಿನ ಆಕಾರದ ಗೆರೆಗಳನ್ನು ಎಳೆದನು.

"ಇದು ಎಂತ?" ಎಂದು ಇಸುಬು ಕಾಕ ಕೇಳಿದ.

"ಫಿಶ್‌ಬೋನ್. ಮೂಲಕಾರಣ ಹುಡುಕೋ ವಿಧಾನ."

"ಯಾವ ಮೀನು? ಬಂಗುಡೆಯಾದರೆ ಮುಳ್ಳು ಇಷ್ಟು ಇರುವುದಿಲ್ಲ."

ಕೆಂಪಣ್ಣನವರು ಕೆಮ್ಮಿದರು. "ತನಿಖೆ ಶುರು ಮಾಡೋಣ. ಮೊದಲೇ ಒಂದು ಮಾತು. ಬೇಳೆ ಗುಣಮಟ್ಟದ ಬಗ್ಗೆ ಪ್ರಶ್ನೆ ಬೇಡ. ಅದನ್ನ ನಾನೇ ನಿಂತು ಆರಿಸಿದ್ದು. ಫೋಟೋ ಇದೆ."

ಲಕ್ಷಿತ್ ಮೊದಲನೆಯ ಮುಳ್ಳಿನ ಮೇಲೆ 'ಕೂಗು' ಎಂದು ಬರೆದನು. ಕೂಗಿನ ಸಂಖ್ಯೆಯಲ್ಲಿ ಲೋಪವಾಗಿರಬಹುದೇ ಎಂಬುದು ಪ್ರಶ್ನೆ.

"ಕೂಗು ಲೆಕ್ಕಕ್ಕೆ ಬರುವುದಿಲ್ಲ ಸರ್," ಎಂದನು ಕೊಗ್ಗ. ಬೇಳೆಯ ಮಾತು ಬಂದಾಗ ಅವನ ಧ್ವನಿಗೆ ತಾನಾಗಿ ಒಂದು ನಿಲುವು ಬರುತ್ತಿತ್ತು. "ಉರಿ ಜೋರಿಟ್ಟರೆ ಐದು ಕೂಗು ಐದೇ ನಿಮಿಷದಲ್ಲಿ ಮುಗಿಯುತ್ತದೆ. ಸಣ್ಣ ಉರಿಯಲ್ಲಿ ಒಂದು ಕೂಗು ಕೂಗದೆಯೂ ಬೇಳೆ ಬೇಯುತ್ತದೆ. ಬೇಯಿಸುವುದು ಒಳಗಿನ ಬಿಸಿ ಮತ್ತು ಹೊತ್ತು. ಕೂಗು ಬರೀ ಹೆಚ್ಚಾದ ಆವಿ ಹೊರಗೆ ಹೋಗುವ ಶಬ್ದ. ನಾನು ಮೊದಲ ಕೂಗಿಗೆ ಉರಿ ಇಳಿಸಿ ಗಡಿಯಾರ ನೋಡುವವ."

"ಮತ್ತೆ ನಾನು ಐದು ಕೂಗು ಅಂತ ಬರೆದಿದ್ದು?" ಎಂದರು ಕಾಂತಾಮಣಿ.

"ಅದು ನಿಮ್ಮ ಒಲೆಗೆ ಸರಿ ಅಮ್ಮ." ಕೊಗ್ಗ ನಿನ್ನೆಯಿಂದ ಕೇಳಬೇಕೆಂದಿದ್ದನ್ನು ಕೇಳಿಬಿಟ್ಟನು. "ಒಂದು ಸಂಶಯ. ನಿಮ್ಮಲ್ಲಿ ಬೇಳೆಗೆ ಹುಳಿ ಮೊದಲೇ ಹಾಕುವ ಕ್ರಮವಾ?"

"ಬೇಳೆಗೆ ಹುಳಿ ಹಾಕೋದೇ? ಬೇಳೆಯಿಂದ ತಾನೇ ಹುಳಿ ಆಗೋದು."

"ಬೇಳೆಯಿಂದ ಹುಳಿ ಹೇಗೆ ಆಗುತ್ತದೆ ಅಮ್ಮ? ಹುಳಿ ಮರದಲ್ಲಿ ಆಗುವುದಲ್ವಾ?"

"ಮರದಲ್ಲಾ? ಏನಪ್ಪಾ ನೀನು, ಹುಳಿ ಒಲೆ ಮೇಲೆ ಆಗುತ್ತೆ. ಬೇಳೆ ಬೆಂದಮೇಲೆ ತರಕಾರಿ ಹಾಕಿ, ಪುಡಿ ಹಾಕಿ, ಹುಣಿಸೆಹಣ್ಣು ಹಾಕಿ ಕುದಿಸಿದರೆ ಹುಳಿ."

ಪಕ್ಕದ ಅಂಗಡಿಯಲ್ಲಿ ಒಂದು ಟಯರು ಉಸ್ಸೆಂದು ಗಾಳಿ ಬಿಟ್ಟಿತು.

"ಓ," ಎಂದನು ಕೊಗ್ಗ. "ಸಾಂಬಾರು."

ಕೆಂಪಣ್ಣನವರ ಮುಖ ಕೆಂಪೇರಿತು. "ಆ ಪದ ನಡವಳೀಲಿ ಬರಬಾರದು, ಲಕ್ಷಿತ್. ಎರಡು ವರ್ಷ ಜಗಳ ಆಗಿ ಮತದಲ್ಲಿ ಸೋತ ಪದ ಅದು." ಆದರೆ ಮರುಕ್ಷಣವೇ ಅವರ ಮುಖ ಅರಳಿತು. ಅಪರಾಧಿ ಸಿಕ್ಕಿದ್ದನು. "ಅಂದರೆ ನೀವು ನನ್ನ ಬೇಳೇನ ಹುಣಿಸೆನೀರಲ್ಲಿ ಬೇಯಿಸಿದ್ದೀರಿ. ತಪ್ಪು ಅಡುಗೆಯವರದ್ದು. ಮುಗೀತು ತನಿಖೆ."

"ತಪ್ಪು ನನ್ನದೇ ಸರ್," ಎಂದು ಕೊಗ್ಗ ತಲೆಯಾಡಿಸಿದನು. "ಗೊತ್ತಿದ್ದೂ ಕೇಳದೆ ಹಾಕಿದೆ. ಹುಳಿ ಬಿದ್ದರೆ ಬೇಳೆ ಮುಷ್ಟಿ ಬಿಗಿ ಹಿಡಿಯುತ್ತದೆ. ಆದರೆ ಅದು ಅರ್ಧ ಕಾರಣ."

"ಇನ್ನರ್ಧ?"

ಕೊಗ್ಗ ಬಾಯಿ ತೆರೆದು, ಇಸುಬು ಕಾಕನ ಕಣ್ಸನ್ನೆ ಕಂಡು, ಮುಚ್ಚಿದನು. "ಬೇಯಿಸಿ ತೋರಿಸುತ್ತೇನೆ," ಎಂದಷ್ಟೇ ಹೇಳಿದನು.

ನಾಲ್ಕು ಚಿಕ್ಕ ಕುಕ್ಕರುಗಳು ನಾಲ್ಕು ಒಲೆ ಏರಿದವು. ಒಂದರಲ್ಲಿ ಅಧ್ಯಕ್ಷರ ಬೇಳೆ, ಹುಣಿಸೆರಸದೊಂದಿಗೆ. ಎರಡನೆಯದರಲ್ಲಿ ಅಧ್ಯಕ್ಷರ ಬೇಳೆ, ಬರಿಯ ನೀರಿನಲ್ಲಿ. ಮೂರನೆಯದರಲ್ಲಿ ಇಸುಬು ಕಾಕನ ದಾಸ್ತಾನಿನಿಂದ ತೆಗೆದ ಹೊಸ ಫಸಲಿನ ಬೇಳೆ, ಬರಿಯ ನೀರಿನಲ್ಲಿ. ನಾಲ್ಕನೆಯದರಲ್ಲಿ ಅದೇ ಹೊಸ ಬೇಳೆ, ಹುಣಿಸೆರಸದೊಂದಿಗೆ. ನೀರು ಒಂದೇ ಟ್ಯಾಂಕಿನದು, ಅಳತೆ ಒಂದೇ ಲೋಟದ್ದು. ಮೊದಲ ಕೂಗಿಗೆ ಉರಿ ಇಳಿಸಿ ಹತ್ತು ನಿಮಿಷ. ಲಕ್ಷಿತ್ ಪ್ರತಿಯೊಂದು ಕುಕ್ಕರಿನ ಕೊರಳಿಗೂ ಸಂಖ್ಯೆ ಬರೆದ ಚೀಟಿ ಕಟ್ಟಿ, ಎಲ್ಲರನ್ನೂ ಎರಡು ಮೀಟರ್ ಹಿಂದೆ ನಿಲ್ಲಿಸಿ, ತುರ್ತು ಸಂದರ್ಭದಲ್ಲಿ ಎಲ್ಲಿ ಸೇರಬೇಕೆಂಬುದನ್ನು ವಿವರಿಸಿದನು. ಸೇರುವ ಜಾಗ ಟಯರ್ ಅಂಗಡಿಯ ಜಗುಲಿ.

ಆವಿ ತಾನಾಗಿ ಇಳಿದ ಮೇಲೆ ಮುಚ್ಚಳಗಳು ತೆರೆದವು. ಮೂರನೆಯದರ ಬೇಳೆ ಸೌಟು ತಾಗಿದ್ದೇ ಕರಗಿ ಗಂಜಿಯಾಯಿತು. ನಾಲ್ಕನೆಯದರದ್ದು ಹೊಸದಾದರೂ ಇಡಿಯಾಗಿ, ಹಲ್ಲಿಗೆ ಸಿಗುವಂತೆ ನಿಂತಿತ್ತು. ಎರಡನೆಯದರ ಅಧ್ಯಕ್ಷರ ಬೇಳೆ ಅಂಚಿನಲ್ಲಿ ಮೆತ್ತಗಾಗಿದ್ದರೂ ನಡುವಿನಲ್ಲಿ ಹಿಟ್ಟು ಹಿಟ್ಟಾಗಿ, ಕಾಳು ಕಾಳಾಗಿ ಉಳಿದಿತ್ತು. ಮೊದಲನೆಯದನ್ನು ಲಕ್ಷಿತ್ ಒಂದು ತಟ್ಟೆಗೆ ಸುರಿದನು. ಅದು ಟಣಟಣ ಎಂದಿತು.

"ನೋಡಿ ಸರ್. ಹುಳಿ ಇಲ್ಲದಿದ್ದರೂ ನಿಮ್ಮ ಬೇಳೆ ಇಷ್ಟೇ."

ಲಕ್ಷಿತ್ ಫೋನು ತೆರೆದು ಓದತೊಡಗಿದನು. "ಇಲ್ಲಿ ಬರೆದಿದೆ ಸರ್. ಬೇಳೆ ಕಣಗಳನ್ನ ಅಂಟಿಸಿ ಇಟ್ಟಿರೋದು ಪೆಕ್ಟಿನ್ ಅಂತ. ಬಿಸಿನೀರಲ್ಲಿ ಅದು ಕರಗಿದರೆ ಬೇಳೆ ಒಡೆಯುತ್ತೆ. ಆಸಿಡ್ ಇದ್ದರೆ ಕರಗಲ್ಲ. ಇನ್ನು ಬಿಸಿ, ತೇವ ಇರೋ ಕಡೆ ತುಂಬಾ ದಿನ ಇಟ್ಟರೆ ಬೇಳೆ ಒಳಗಿನ ಕ್ಯಾಲ್ಸಿಯಂ ಬಿಡುಗಡೆ ಆಗಿ ಅದೇ ಪೆಕ್ಟಿನ್‌ನ ಗಟ್ಟಿಯಾಗಿ ಹಿಡಿಯುತ್ತೆ."

"ಪೆಕ್ಟಿನ್ ಯಾರೋ ನನಗೆ ಪರಿಚಯ ಇಲ್ಲ," ಎಂದನು ಕೊಗ್ಗ. "ಕಲ್ಲುಗಳ ಮಧ್ಯದ ಗಾರೆಯ ಹಾಗೆ ಅಂದರೆ ನನಗೆ ಅರ್ಥವಾಗುತ್ತದೆ. ಗಾರೆ ಕರಗಿದರೆ ಗೋಡೆ ಬೀಳುತ್ತದೆ. ಹುಳಿ ಗಾರೆಯನ್ನು ಕರಗಲು ಬಿಡುವುದಿಲ್ಲ. ಬೇಳೆ ತಂದವ ಹೇಳಿದ ಆ ತಗಡಿನ ಕೋಣೆಯ ಸೆಕೆಯಲ್ಲಿ ಎರಡು ಬೇಸಿಗೆ ಕೂತರೆ ಆ ಗಾರೆ ಸಿಮೆಂಟ್ ಆಗುತ್ತದೆ. ಬೇಳೆ ಹಳೆ..."

"ಆ ಶಬ್ದ ಬೇಡ," ಎಂದರು ಕೆಂಪಣ್ಣನವರು.

"ಯಾವ ಶಬ್ದ ಸರ್?"

"ನೀವು ಈಗ ಹೇಳಕ್ಕೆ ಹೊರಟಿದ್ದು. ನಾನು ಅಧ್ಯಕ್ಷನಾದ ದಿನ ಬಂದ ಬೇಳೆ ಅದು. ಅದು ಹಳೇದಾದರೆ ನಾನೇನಾದೆ? ಎದುರು ಗುಂಪಿನೋರು ಇದನ್ನೇ ಕಾಯ್ತಾ ಇದ್ದಾರೆ, ಹಳೇ ಬೇಳೆ, ಹಳೇ ಅಧ್ಯಕ್ಷ ಅಂತ ಬ್ಯಾನರ್ ಕಟ್ಟಕ್ಕೆ."

ಕಾಂತಾಮಣಿ ಸೆರಗಿನಲ್ಲಿ ನಗು ಒರೆಸಿಕೊಂಡರು. "ಹೊಸ ಬೇಳೆ ತಂದು ಬೇಯಿಸಿದರಾಯ್ತಲ್ರೀ. ಯಾರಿಗೆ ಗೊತ್ತಾಗುತ್ತೆ?"

"ಚೀಲದ ಜೊತೆ ಫೋಟೋ ಇದೆ ಕಣೇ. ನಾಳೆ ಚೀಲ ಬಿಚ್ಚೋದನ್ನ ವೇದಿಕೆ ಮೇಲೇ ಮಾಡ್ತೀನಿ ಅಂತ ಹೇಳಿಬಿಟ್ಟಿದ್ದೀನಿ. ಇದೇ ಬೇಳೆ ಬೇಯಬೇಕು."

ಲಕ್ಷಿತ್ ಲೇಖನಿ ಎತ್ತಿ ಕಾದನು. ಅರ್ಧ ಗಂಟೆಯ ಚರ್ಚೆಯ ಬಳಿಕ ನಡವಳಿಯಲ್ಲಿ 'ಸದರಿ ಬೇಳೆಯು ಅನುಭವಿ ಬೇಳೆಯಾಗಿರುತ್ತದೆ' ಎಂದು ದಾಖಲಾಯಿತು.

"ಅನುಭವಿ ಬೇಳೆಯನ್ನು ಬೇಯಿಸುವ ದಾರಿ ಉಂಟಾ?" ಎಂದು ಇಸುಬು ಕಾಕ ಕೊಗ್ಗನನ್ನು ಕೇಳಿದ.

"ಉಂಟು. ಬೆಳಿಗ್ಗೆಯೇ ಬಿಸಿನೀರಲ್ಲಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ ಹಾಕಿ ಮೂರು ಗಂಟೆ ನೆನೆಸುವುದು. ಸೋಡ ಹುಳಿಗೆ ಉಲ್ಟಾ, ಗಾರೆಯನ್ನು ಸಡಿಲಿಸುತ್ತದೆ. ಆ ನೀರು ಚೆಲ್ಲಿ, ಬೇರೆ ನೀರು, ಅರಸಿನ ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಹುಳಿ ಎಲ್ಲಕ್ಕಿಂತ ಕೊನೆಗೆ. ಆದರೆ ಸೋಡ ಚಿಟಿಕೆ ಮಾತ್ರ. ಹೆಚ್ಚಾದರೆ ಸಾಬೂನಿನ ರುಚಿ."

ಕೆಂಪಣ್ಣನವರು ಈ ಮಾತಿನ ಕೊನೆಯ ಭಾಗವನ್ನು ಕೇಳಿಸಿಕೊಳ್ಳಲಿಲ್ಲ. ಅವರಿಗೆ ಅಂಟಿಕೊಂಡದ್ದು ಒಂದೇ ಶಬ್ದ, ಸೋಡ.

ಶುಕ್ರವಾರ ಬೆಳಿಗ್ಗೆ ಅಲ್ ಅಜೈಬಾದ ಅಧ್ಯಕ್ಷರ ವಿಲ್ಲಾದ ಹಿತ್ತಲಲ್ಲಿ ಶಾಮಿಯಾನ ಎದ್ದಿತು. ಚೀಲ ಬಿಚ್ಚುವ ಸಮಾರಂಭ ವೇದಿಕೆಯ ಮೇಲೆ ಏಳು ಗಂಟೆಗೇ ನಡೆದುಹೋಯಿತು. ನೋಡಲು ಬಂದವರು ಕುರ್ಚಿ ಇಳಿಸುತ್ತಿದ್ದ ಇಬ್ಬರು ಮಾತ್ರ. ಕೊಗ್ಗ ಹತ್ತು ಕಿಲೋ ಬೇಳೆ ಅಳೆದು, ಹೇಳಿದ ಹಾಗೆಯೇ ನೆನೆಸಿ, ಬಸಿದು, ತೊಳೆದು, ನಾಲ್ಕು ದೊಡ್ಡ ಕುಕ್ಕರುಗಳಿಗೆ ಅರ್ಧರ್ಧ ತುಂಬಿಸಿ, ಅರಸಿನ ಉದುರಿಸಿ, ಮುಚ್ಚಳ ಹಾಕುವ ಮುನ್ನ ಗ್ಯಾಸಿನ ಎರಡನೆಯ ಸಿಲಿಂಡರು ತರಲು ಗೇಟಿನ ಬಳಿ ಹೋದನು. ಹಿಂದಿರುಗುವಾಗ ಅಧ್ಯಕ್ಷರು ಒಲೆಗಳ ಕಡೆಯಿಂದ ಕೈ ಝಾಡಿಸಿಕೊಳ್ಳುತ್ತಾ ಬರುತ್ತಿದ್ದರು. ಅಧ್ಯಕ್ಷರು ಅಡುಗೆ ವಿಚಾರಿಸಲು ಬಂದಿರಬೇಕೆಂದು ಕೊಗ್ಗ ನಮಸ್ಕರಿಸಿದನು. ಮುಚ್ಚಳ ತಿರುಗಿಸಿ ಉರಿ ಹಚ್ಚಿದನು.

ಮೊದಲ ಕುಕ್ಕರು ಕೂಗಬೇಕಾದ ಹೊತ್ತಿಗೆ ಕೂಗಲಿಲ್ಲ. ಗಂಟಲಲ್ಲಿ ಕಫ ಕಟ್ಟಿದವರಂತೆ ಗೊರಗೊರ ಎಂದು, ಮುಚ್ಚಳದ ಮೇಲಿನ ತೂಕದ ಸುತ್ತ ನೊರೆ ಉಗುಳತೊಡಗಿತು. ಆ ನೊರೆ ಕೆಂಪಾಗಿತ್ತು. ಕೊಗ್ಗ ಓಡಿ ಹೋಗಿ ನಾಲ್ಕೂ ಒಲೆಗಳನ್ನು ಆರಿಸಿದನು. ಆವಿ ಇಳಿಯುವ ತನಕ, ಹತ್ತಿರ ಬಂದವರನ್ನೆಲ್ಲ ಸೌಟು ತೋರಿಸಿ ದೂರ ನಿಲ್ಲಿಸಿದನು. ತೆರೆದು ನೋಡಿದರೆ ಒಳಗೆ ಆರತಿ ತಟ್ಟೆಯ ನೀರಿನ ಬಣ್ಣ.

ಕಾಂತಾಮಣಿ ಬಂದು ಇಣುಕಿ, ಕೆನ್ನೆಗೆ ಕೈ ಹಚ್ಚಿದರು. "ಅರಿಸಿನಕ್ಕೆ ಸುಣ್ಣ ಹಾಕಿದ ಹಾಗಿದೆಯಲ್ಲಪ್ಪ. ಓಕುಳಿ ಆಗಿಬಿಟ್ಟಿದೆ."

"ಸುಣ್ಣ ಅಲ್ಲ ಅಮ್ಮ. ಸೋಡ. ಒಂದು ಚಿಟಿಕೆ ಅಲ್ಲ, ಡಬ್ಬಗಟ್ಟಲೆ." ಕೊಗ್ಗ ಸೌಟಿನಿಂದ ಕದಡಿದನು. ನಿನ್ನೆ ಟಣಟಣ ಎಂದಿದ್ದ ಬೇಳೆಯಲ್ಲಿ ಇಂದು ಒಂದೇ ಒಂದು ಕಾಳು ಸಿಗಲಿಲ್ಲ. ಪೋಸ್ಟರ್ ಅಂಟಿಸುವ ಮೈದಾದ ಹಾಗೆ ಲೋಳೆ ಲೋಳೆಯಾಗಿ ಸೌಟಿನಿಂದ ಇಳಿಯಿತು. ನಾಲಿಗೆಗೆ ತಾಗಿಸಿದರೆ ಬಟ್ಟೆ ಸಾಬೂನು.

ಕೆಂಪಣ್ಣನವರು ಹಿಂದೆ ಬಂದು ನಿಂತಿದ್ದರು. "ಬೆಂದಿದೆಯಾ?"

"ಬೆಂದಿದೆ ಸರ್. ನಿಮ್ಮ ಹೆಸರಿನ ಬಣ್ಣಕ್ಕೆ ಬಂದಿದೆ."

"ನಾನು ಬರೀ ನಾಲ್ಕು ಡಬ್ಬ ಹಾಕಿದ್ದು," ಎಂದರು ಕೆಂಪಣ್ಣನವರು ಮೆಲ್ಲಗೆ. "ಕುಕ್ಕರಿಗೆ ಒಂದು."

ಹನ್ನೆರಡೂವರೆಗೆ ಇನ್ನೂರು ಮಂದಿ ಬರುವವರಿದ್ದರು. ಕೊಗ್ಗ ಒಂದು ನಿಮಿಷ ಕಣ್ಣು ಮುಚ್ಚಿದನು. ದುಕ್ಮ್‌ನ ದಾರಿ, ಕಿಟಕಿಯ ಪರದೆ ಎರಡೂ ಕಣ್ಣ ಮುಂದೆ ಹಾದುಹೋದವು. ಕರಗಿದ ಗಾರೆಯಿಂದ ಮತ್ತೆ ಗೋಡೆ ಕಟ್ಟಲಾಗುವುದಿಲ್ಲ. ಆದರೆ ಗೋಡೆಯೇ ಬೇಡದ ಪದಾರ್ಥವೂ ಒಂದಿತ್ತಲ್ಲ.

"ಅಮ್ಮ, ಬಿಸಿಬೇಳೆಬಾತಿನ ಪುಡಿ ಉಂಟಾ?"

"ಮನೇಲಿ ಎರಡು ಡಬ್ಬಿ ತುಂಬಾ ಇದೆ."

"ಹುಳಿ ಎಷ್ಟು ಉಂಟು?"

"ಯಾವ ಹುಳಿ?" ಎಂದು ಕಾಂತಾಮಣಿ ಎಚ್ಚರಿಕೆಯಿಂದ ಕೇಳಿದರು.

"ಮರದ ಹುಳಿ."

ಅನ್ನ ಬೇರೆ ಹಂಡೆಯಲ್ಲಿ ಬೇಯತೊಡಗಿತು. ಅಷ್ಟರಲ್ಲಿ ಲೋಳೆಯನ್ನು ಅತಿ ದೊಡ್ಡ ಕೊಪ್ಪರಿಗೆಗೆ ಸುರಿದು, ಕೊಗ್ಗ ಹುಣಿಸೆರಸವನ್ನು ಸೌಟು ಸೌಟಾಗಿ ಬಿಟ್ಟನು. ಹುಳಿಯೂ ಸೋಡವೂ ಮುಖಾಮುಖಿಯಾದವು. ಕೊಪ್ಪರಿಗೆ ಬುಸ್ಸೆಂದು ಉಬ್ಬಿ, ನೊರೆ ಕಂಠದ ತನಕ ಏರಿತು. ಲಕ್ಷಿತ್ ಹೆಲ್ಮೆಟ್ಟು ಒತ್ತಿ ಹಿಡಿದು, ಎಲ್ಲರೂ ಸೇರುವ ಜಾಗಕ್ಕೆ ಹೋಗಬೇಕೆಂದು ಕೂಗಿದನು. ಅಲ್ ಅಜೈಬಾದಲ್ಲಿ ಸೇರುವ ಜಾಗ ಯಾವುದೆಂದು ಅವನು ಗೊತ್ತು ಮಾಡಿರಲಿಲ್ಲವಾದ್ದರಿಂದ ಎಂಟು ಜನ ವೇದಿಕೆ ಹತ್ತಿ ನಿಂತರು. ಕೊಗ್ಗ ಮಾತ್ರ ಕದಲಲಿಲ್ಲ. ನೊರೆ ಇಳಿಯಲು ಬಿಟ್ಟು, ಮತ್ತೆ ಒಂದು ಸೌಟು, ಮತ್ತೆ ನೊರೆ, ಮತ್ತೆ ಒಂದು ಸೌಟು. ಕೆಂಪು ಬಣ್ಣ ಕೊಪ್ಪರಿಗೆಯ ನಡುವಿನಿಂದ ಹಿಂದೆ ಸರಿಯುತ್ತಾ ಹೋಯಿತು. ಹನ್ನೆರಡನೆಯ ಸೌಟಿಗೆ ಬೇಳೆ ಮತ್ತೆ ಅರಸಿನದ ಹಳದಿಗೆ ಮರಳಿತು. ಹದಿನೈದನೆಯದಕ್ಕೆ ನೊರೆ ನಿಂತಿತು. ಅಲ್ಲಿಗೆ ಸೋಡ ಮುಗಿಯಿತೆಂದು ಅರ್ಥ. ಆಮೇಲಿನ ಎರಡು ಸೌಟು ರುಚಿಗೆ.

"ಉಪ್ಪು ಹಾಕಲೇ?" ಎಂದರು ಕಾಂತಾಮಣಿ.

"ಒಂದು ಹರಳೂ ಬೇಡ. ಸೋಡ, ಹುಳಿ ಎರಡೂ ಸೇರಿ ಉಪ್ಪಿನ ಕೆಲಸವನ್ನು ಮಾಡಿ ಆಯಿತು. ಬೆಲ್ಲ, ಪುಡಿ, ತುಪ್ಪ. ಅನ್ನಕ್ಕೂ ಉಪ್ಪು ಬಿದ್ದಿಲ್ಲವಲ್ಲ?"

ಬಿಸಿಬೇಳೆಬಾತನ್ನು ಇನ್ನೂರು ಮಂದಿ ಎರಡೆರಡು ಸಲ ಹಾಕಿಸಿಕೊಂಡರು. ಬಳಗದಲ್ಲಿ ಹುಳಿ, ಸಾಂಬಾರು ಎಂಬ ಎರಡು ಪಂಗಡದವರೂ ಒಂದೇ ಸಾಲಿನಲ್ಲಿ ಕುಳಿತರು. ಎಲೆಯ ಮೇಲೆ ಎರಡೂ ಇರಲಿಲ್ಲವಾದ್ದರಿಂದ ಜಗಳಕ್ಕೆ ಆಧಾರವೇ ಸಿಗಲಿಲ್ಲ. ಕೆಂಪಣ್ಣನವರು ವೇದಿಕೆ ಏರಿ ಮೈಕು ಹಿಡಿದರು.

"ನನ್ನ ಬೇಳೆ ಇಲ್ಲಿ ಬೇಯೋದಿಲ್ಲ ಅಂತ ಕೆಲವರು ಹೇಳಿದರು. ಇವತ್ತು ಎಲೆ ಮೇಲೆ ಒಂದು ಕಾಳಾದರೂ ಇಡಿಯಾಗಿ ಸಿಕ್ಕಿದರೆ ನನಗೆ ತೋರಿಸಿ."

ಚಪ್ಪಾಳೆ ಬಿತ್ತು. ಮರುದಿನದ ಚುನಾವಣೆ ಆ ಕ್ಷಣದಲ್ಲಿಯೇ ಮುಗಿದುಹೋಗಿತ್ತು.

ಊಟದ ಎಲೆಗಳು ಎತ್ತಲ್ಪಡುತ್ತಿದ್ದಾಗ ಲಕ್ಷಿತ್ ಹನ್ನೊಂದು ಪುಟಗಳ ನಡವಳಿಯನ್ನೂ ಒಂದು ಪ್ರಶಂಸಾಪತ್ರವನ್ನೂ ಹಿಡಿದುಕೊಂಡು ಹಿತ್ತಲಿಗೆ ಬಂದನು. ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ಇಸುಬು ಕಾಕ.

"ಕೊಗ್ಗ ಅವರೇ, ಇದು ನಿಮ್ಮ ಕಾಗದ," ಎಂದರು ಕೆಂಪಣ್ಣನವರು. ಅವರ ಧ್ವನಿಯಲ್ಲಿ ನಿಜವಾದ ಅಕ್ಕರೆಯಿತ್ತು. "ನಡವಳಿಗೆ ನಿಮ್ಮ ಒಂದು ಸಹಿ ಬೀಳಲಿ, ಕಾಗದ ನಿಮ್ಮ ಕೈಗೆ."

ಕೊಗ್ಗ ಕೊನೆಯ ಪುಟ ಓದಿದನು. 'ಬೇಳೆಯು ಹಳೆಯದಾಗಿರಲಿಲ್ಲವೆಂದೂ, ಎಲ್ಲ ವಿಳಂಬಕ್ಕೂ ಹುಣಿಸೆ ಮಾತ್ರ ಕಾರಣವೆಂದೂ ಅನುಭವಸ್ಥ ಬಾಣಸಿಗನಾದ ನಾನು ದೃಢೀಕರಿಸುತ್ತೇನೆ.'

"ನಿನ್ನೆ ಅನುಭವಿ ಬೇಳೆ ಅಂತ ಇತ್ತಲ್ಲ ಸರ್?"

"ಅದನ್ನ ತೆಗೆಸಿದೆ. ಅನುಮಾನಕ್ಕೆ ಜಾಗ ಕೊಡುತ್ತೆ."

ಇಸುಬು ಕಾಕ ಅವನ ಕಿವಿಯ ಹತ್ತಿರ ಬಾಗಿದ. "ಹಾಕು ಮಾರಾಯ. ಒಂದು ಗೆರೆ ಎಳೆದರೆ ಅಲ್ ಖುವೈರ್. ಬೇಳೆ ಬಂದು ಸಾಕ್ಷಿ ಹೇಳುತ್ತದಾ?"

ಕೊಗ್ಗ ಲೇಖನಿ ತೆಗೆದುಕೊಂಡನು. ಜೀವಮಾನವಿಡೀ ತಲೆಯಾಡಿಸಿದವನಿಗೆ ಈಗ ಕುತ್ತಿಗೆ ಆಡಲಿಲ್ಲ. ಮೊಹರು ನೋಡಿ ಒಮ್ಮೆ ಬಾಯಿ ಮುಚ್ಚಿದ್ದಕ್ಕೆ ಇಷ್ಟೆಲ್ಲ ಆಗಿತ್ತು. ಈ ಕಾಗದದ ಮೇಲೂ ಅದೇ ದುಂಡು ಮೊಹರು. ಅವನು ಆ ವಾಕ್ಯವನ್ನು ಒಂದು ಗೆರೆಯಿಂದ ಹೊಡೆದು, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದನು: 'ಹುಳಿ ನನ್ನ ತಪ್ಪು. ಬೇಳೆ ಹಳೆಯದು. ಸೋಡ ಯಾರದ್ದೆಂದು ನಾನು ಬರೆಯುವುದಿಲ್ಲ.' ಅದರ ಕೆಳಗೆ ಸಹಿ ಹಾಕಿದನು.

ಕೆಂಪಣ್ಣನವರು ಅದನ್ನು ಎರಡು ಸಲ ಓದಿ, ಪ್ರಶಂಸಾಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. "ಒಂದು ಶಬ್ದಕ್ಕೋಸ್ಕರ," ಎಂದರು.

"ನೀವು ಒಂದು ಶಬ್ದಕ್ಕೆ ಎರಡು ವರ್ಷ ಜಗಳ ಮಾಡಿದ್ದೀರಲ್ಲ ಸರ್," ಎಂದನು ಕೊಗ್ಗ. "ನನಗೆ ಬೇಳೆಯಲ್ಲಿ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ. ಬೇರೆ ಏನಾದರೂ ಇದ್ದರೆ ಹೇಳಿ, ಸಹಿ ಹಾಕುತ್ತೇನೆ."

ಕಾಂತಾಮಣಿಯವರು ಪುಡಿಯ ಉಳಿದೊಂದು ಡಬ್ಬಿಯನ್ನು ತಂದು ಅವನ ಕುಕ್ಕರಿನೊಳಗೆ ಇಟ್ಟರು.

ಮನೆಗೆ ಬಂದು ಸಂಗತಿ ತಿಳಿಸಿದಾಗ ಕುಸುಮ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಿನಿಂದ ಇಳಿಸಿದಳು.

"ಹಳೆಯದಲ್ಲ ಅಂತ ಬರೆದು ಬಂದಿದ್ದರೆ?"

"ಇಲ್ಲೇ ಇರುತ್ತಿದ್ದೆ."

"ಇದ್ದು, ದಿನಾ ರಾತ್ರಿ ಊಟಕ್ಕೆ ಕೂತಾಗ ನನಗೆ ಆ ಬೇಳೆಯ ಕಥೆ ಹೇಳುತ್ತಿದ್ದಿರಿ. ಅದಕ್ಕಿಂತ ದುಕ್ಮ್ ಆದೀತು." ಅವಳು ಎದ್ದು ಹೋಗಿ ಕಿಟಕಿಯ ಪರದೆಯ ಒಂದು ಪಾಲನ್ನು ಕೊಂಡಿಯಿಂದ ಬಿಚ್ಚಿದಳು. "ಅಲ್ಲಿಯೂ ಕಿಟಕಿ ಇರುತ್ತದಲ್ಲ. ಇನ್ನೊಂದು ಪಾಲು ಇಲ್ಲಿರಲಿ. ಎರಡು ವಾರಕ್ಕೊಮ್ಮೆ ಬಂದು ಎರಡೂ ಸರಿ ಉಂಟಾ ಅಂತ ನೋಡಿ ಹೋಗಿ."

"ಅಲ್ಲಿನ ಕ್ಯಾಂಪಿನ ಸ್ಟೋರು ತಗಡಿನದಂತೆ," ಎಂದನು ಕೊಗ್ಗ.

"ಹಾಗಾದರೆ ಸೋಡ ತೆಗೆದುಕೊಂಡು ಹೋಗಿ. ಚಿಟಿಕೆ ಮಾತ್ರ."

ಭಾನುವಾರ ಬೆಳಗಿನ ಬಸ್ಸಿಗೆ ಅವಳೇ ಬಂದು ಕೂರಿಸಿದಳು. ಮಡಿಲಲ್ಲಿ ಕುಕ್ಕರು, ಅದಕ್ಕೆ ಅವಳು ಹಾಕಿಸಿಕೊಟ್ಟ ಹೊಸ ರಬ್ಬರು, ಒಳಗೆ ಮಡಚಿಟ್ಟ ಅರ್ಧ ಪರದೆ. ಬಸ್ಸು ಹೊರಡುವಾಗ ಕೊಗ್ಗನ ಫೋನು ಬಡಿದುಕೊಂಡಿತು. ಮರಳಿ ಆಯ್ಕೆಯಾದ ಅಧ್ಯಕ್ಷರು ಮುಂದಿನ ಸಹಭೋಜನಕ್ಕೆಂದು ಉಳಿದ ಸುಮಾರು ಇಪ್ಪತ್ತು ಕಿಲೋ ಬೇಳೆಯ ಚೀಲದ ಬಾಯಿ ಹೊಲಿಸಿ, ಅದೇ ಪೋರ್ಟಾಕ್ಯಾಬಿನ್ನಿನಲ್ಲಿ ಇರಿಸಿದ್ದಾರೆಂದು ಇಸುಬು ಕಾಕ ತಿಳಿಸಿದ. ಕೊಗ್ಗ ಫೋನು ಜೇಬಿಗಿಟ್ಟು, ಕಿಟಕಿಯಾಚೆ ಕೈ ಬೀಸುತ್ತಿದ್ದ ಕುಸುಮಳ ಕಡೆಗೆ ತಿರುಗಿದನು.

ಈ ವೃತ್ತಾಂತವನ್ನು ಹೇಳಿದವನೂ ಆ ಮೆಸ್ಸಿನ ಮೂಲೆಯ ಮೇಜಿನಲ್ಲಿ ಆರು ವಾರ ಉಂಡವನೇ. ಮೆಸ್ಸಿಗೆ ಬೀಗ ಬಿದ್ದ ಮೇಲೆ ಅವನಿಗೆ ವಾದಿ ಕಬೀರ್‌ನಲ್ಲಿ ಏನು ಕೆಲಸ? ಎರಡು ಅಂಗಿ, ಒಂದು ಚಾಪೆ, ರಟ್ಟು ಹರಿದ ನಾಲ್ಕು ಕಾದಂಬರಿಗಳನ್ನು ಚೀಲಕ್ಕೆ ತುರುಕಿ, ಅವನು ಅದೇ ಬಸ್ಸಿನ ಕೊನೆಯ ಸಾಲಿನಲ್ಲಿ ಜಾಗ ಹಿಡಿದು ಹೊರಟನು.